ನಿಶ್ಚಿತಾರ್ಥ ಆಯ್ತು, ಬೀಗರ ಮನೆಗೆ ಏನು ಒಯ್ಯುವುದು?

ನಿಶ್ಚಿತಾರ್ಥ ಮುಗಿದ ಮೇಲೆ ಎರಡೂ ಮನೆಯವರು ಒಮ್ಮೆ ನಿಧಾನವಾಗಿ ಕೂತು ಊಟ ಮಾಡೋಣ ಅಂತ ಮಾತಾಗುತ್ತದೆ. ಆ ಮೊದಲ ಭೇಟಿಗೆ ಬರಿಗೈಲಿ ಹೋಗುವಂತಿಲ್ಲ. ಹಾಗಂತ ಮದುವೆಯ ಉಡುಗೊರೆಯನ್ನೇ ಈಗ ಹೊತ್ತುಕೊಂಡು ಹೋಗುವುದೂ ಸರಿಯಲ್ಲ. ಹುಡುಗಿ ಮೈಸೂರಿನವಳು, ಹುಡುಗ ಧಾರವಾಡದವನು ಎಂದಿಟ್ಟುಕೊಳ್ಳೋಣ. ಹುಡುಗಿ ಅಪ್ಪ ಅಮ್ಮನ ಜೊತೆ ರಾತ್ರಿ ರೈಲು ಹತ್ತಿ ಹೊರಟಿದ್ದಾಳೆ. ಹುಡುಗನ ಮನೆಯಲ್ಲಿ ಅತ್ತೆ, ಮಾವ, ಒಬ್ಬರು ಅಜ್ಜಿ, ಅಣ್ಣ ಅತ್ತಿಗೆ, ಅವರ ಇಬ್ಬರು ಮಕ್ಕಳು, ಮದುವೆಯಾಗದ ತಂಗಿ ಇದ್ದಾರೆ.

ಮೊದಲು ಹುಡುಗನಿಗೆ ಒಂದು ಫೋನ್

ಅಂಗಡಿಗೆ ಹೋಗುವ ಮುಂಚೆ ಹುಡುಗನನ್ನೇ ಕೇಳಿ. ದೊಡ್ಡವರು ದೊಡ್ಡವರನ್ನು ಕೇಳಿದರೆ 'ಏನೂ ಬೇಡ, ನೀವು ಬಂದ್ರೆ ಸಾಕು' ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಆ ದಿನ ಮನೆಯಲ್ಲಿ ಯಾರ್ಯಾರು ಇರುತ್ತಾರೆ? ಯಾರಿಗೆ ಸಕ್ಕರೆ ಕಾಯಿಲೆ ಇದೆ? ಅಮ್ಮ ದಿನಾ ಉಡುವುದು ಎಂಥ ಸೀರೆ? ಅಪ್ಪ ಪೂಜೆಗೆ ಏನು ಉಡುತ್ತಾರೆ? ಇಷ್ಟು ತಿಳಿದರೆ ಅರ್ಧ ಕೆಲಸ ಆದಂತೆ.

ಇನ್ನೊಂದನ್ನು ಸಂಕೋಚ ಬಿಟ್ಟು ಕೇಳಬೇಕು. ಅಜ್ಜಿಯ ಗಂಡ ತೀರಿಕೊಂಡಿದ್ದರೆ ಆ ಮನೆಯಲ್ಲಿ ಅವರಿಗೆ ಅರಿಶಿನ ಕುಂಕುಮ, ಹೂವು ಕೊಡುವ ರೂಢಿ ಇದೆಯಾ? ಈಗ ಎಷ್ಟೋ ಮನೆಗಳಲ್ಲಿ ಎಲ್ಲರಿಗೂ ಕೊಡುತ್ತಾರೆ, ಕೆಲವು ಮನೆಗಳಲ್ಲಿ ಅಜ್ಜಿಯೇ ಬೇಡ ಅನ್ನುತ್ತಾರೆ. ತಟ್ಟೆ ಹಿಡಿದು ಎದುರು ನಿಂತು ತಡವರಿಸಿದರೆ ಅವರ ಮನಸ್ಸಿಗೆ ನೋವಾಗುತ್ತದೆ. ಅವರನ್ನು ದಾಟಿ ಮುಂದಿನವರಿಗೆ ಕೊಟ್ಟರಂತೂ ಇನ್ನೂ ತಪ್ಪು. ಕುಂಕುಮ ಬೇಡ ಅನ್ನುವ ಮನೆಯಾದರೆ ಹಣ್ಣು, ಕಾಯಿ, ಹೊದಿಕೆ ಇಟ್ಟು ಎಲ್ಲರಿಗಿಂತ ಮೊದಲು ಅಜ್ಜಿಗೇ ಕೊಡಿ.

ಬಟ್ಟೆಯ ಲೆಕ್ಕ

ಜಾಸ್ತಿ ಎಡವಟ್ಟಾಗುವುದು ಇಲ್ಲೇ. ಧಾರವಾಡದ ಕಡೆ ವಯಸ್ಸಾದ ಹೆಂಗಸರು ಹಲವರು ಇನ್ನೂ ಕಚ್ಚೆ ಹಾಕಿ ಸೀರೆ ಉಡುತ್ತಾರೆ. ಅದಕ್ಕೆ ಒಂಬತ್ತು ಗಜದ ಸೀರೆ ಬೇಕು, ಅಂದರೆ ಸುಮಾರು 8.2 ಮೀಟರ್. ಅಂಗಡಿಯಲ್ಲಿ ಸುಮ್ನೆ ಸೀರೆ ಅಂತ ಕೇಳಿದರೆ ಕೊಡುವುದು ಐದೂವರೆ ಮೀಟರಿನದು. ಎಷ್ಟೇ ಚೆಂದ ಇದ್ದರೂ ಅಜ್ಜಿ ಅದನ್ನು ಉಡಲಾರರು, ಪೆಟ್ಟಿಗೆಯಲ್ಲಿ ಇಡುತ್ತಾರೆ. ಇಳಕಲ್ ಸೀರೆ ಒಂಬತ್ತು ಗಜದಲ್ಲೂ ಬರುತ್ತದೆ, ಆದರೆ ಮೈಸೂರಿನಲ್ಲಿ ಹುಡುಕಿ ಹುಡುಕಿ ಸುಸ್ತಾಗುವುದಕ್ಕಿಂತ ಮೆತ್ತಗಿನ ಒಂದು ಶಾಲು ಒಯ್ಯುವುದು ವಾಸಿ. ಧಾರವಾಡದ ಮಳೆಗಾಲಕ್ಕೆ ಅದು ದಿನಾ ಮೈಮೇಲಿರುತ್ತದೆ.

ಪಂಚೆಗೂ ಇದೇ ಮಾತು. ಮಾವ ಪೂಜೆಗೆ ಕಚ್ಚೆ ಹಾಕಿ ಧೋತರ ಉಡುವವರಾದರೆ ನಾಲ್ಕು ಮೊಳದ ಪಂಚೆ ಸಾಲದು, ಎಂಟು ಮೊಳದ್ದಾದರೂ ಬೇಕು. ಪಂಚೆಯ ರೂಢಿಯೇ ಇಲ್ಲದವರಿಗೆ ಶರ್ಟಿನ ಬಟ್ಟೆ ಸಾಕು. ತುಂಬುತೋಳಿಗೆ ಎರಡೂಕಾಲು ಮೀಟರ್, ಆಳು ದಪ್ಪಗಿದ್ದರೆ ಎರಡೂವರೆ.

ಅತ್ತೆಗೆ ರೇಷ್ಮೆ ಸೀರೆ ಈಗ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೈಸೂರಿನವರಿಗೆ ಮೈಸೂರು ರೇಷ್ಮೆ ಕೊಡುವ ಆಸೆ ಸಹಜವೇ. ಆದರೆ ಅದು ಮದುವೆಯಲ್ಲಿ ಬೀಗಿತ್ತಿಗೆ ಕೊಡುವ ಸೀರೆ. ಈಗಲೇ ಕೊಟ್ಟರೆ ಮದುವೆಗೆ ಅದಕ್ಕಿಂತ ದೊಡ್ಡದು ತರಬೇಕಾಗುತ್ತದೆ, ಅವರಿಗೂ ಅಷ್ಟೇ ತೂಕದ್ದನ್ನು ತಿರುಗಿ ಕೊಡುವ ಹೊರೆ ಬೀಳುತ್ತದೆ. ನಮ್ಮಲ್ಲಿ ಉಡುಗೊರೆ ಅಂದರೆ ಮುಯ್ಯಿ, ಕೊಟ್ಟದ್ದು ಎಲ್ಲರಿಗೂ ನೆನಪಿರುತ್ತದೆ. ದಿನಾ ಉಡಬಹುದಾದ ಒಳ್ಳೆಯ ಹತ್ತಿ ಸೀರೆ ಆರಿಸಿ.

ಮನೆಯ ಅತ್ತಿಗೆ ನಾಳೆ ನಿಮ್ಮ ವಾರಗಿತ್ತಿ, ತಂಗಿ ನಿಮ್ಮ ನಾದಿನಿ. ಇಬ್ಬರಿಗೂ ಒಂದೇ ಬೆಲೆಯ, ಒಂದೇ ಥರದ ವಸ್ತು ಕೊಡಿ. ಬಣ್ಣ ಮಾತ್ರ ಬೇರೆ ಇರಲಿ. ಒಬ್ಬರಿಗೆ ಸೀರೆ, ಇನ್ನೊಬ್ಬರಿಗೆ ಬರೀ ರವಿಕೆ ಕಣ ಆದರೆ ಬಾಯಿ ಬಿಟ್ಟು ಯಾರೂ ಹೇಳುವುದಿಲ್ಲ, ಮನಸ್ಸಿನಲ್ಲಿ ಉಳಿಯುತ್ತದೆ. ರವಿಕೆ ಕಣ ಕೊಡುವುದಾದರೆ ಒಂದು ಮೀಟರ್ ಕತ್ತರಿಸಿಸಿಕೊಳ್ಳಿ. ಮಡಚಿ ಮಾರುವ ಕಣ ಸಾಮಾನ್ಯವಾಗಿ 80 ಸೆಂಟಿಮೀಟರ್ ಇರುತ್ತದೆ, ಉದ್ದ ತೋಳು ಹೊಲಿಸುವವರಿಗೆ ಅದು ಸಾಲುವುದಿಲ್ಲ. ಮಕ್ಕಳಿಗೆ ಬಣ್ಣದ ಪೆನ್ಸಿಲ್, ಕಥೆ ಪುಸ್ತಕ ಸಾಕು. ಬೆಲೆಯ ಚೀಟಿ ಕಿತ್ತುಬಿಡಿ, ಬಿಲ್ ಮಾತ್ರ ಜೋಪಾನ ಮಾಡಿ.

ತಿಂಡಿ, ಹಣ್ಣು, ಹೂವು

ಧಾರವಾಡಕ್ಕೆ ಪೇಡ ಒಯ್ಯಬೇಡಿ. ನಿಮ್ಮ ಊರಿನದು ಒಯ್ಯಿರಿ, ಮೈಸೂರು ಪಾಕ್ ಇದೆಯಲ್ಲ. ತುಪ್ಪ ಸುರಿಯುವ ಮೆತ್ತನೆಯದು ರಾತ್ರಿ ಪ್ರಯಾಣದಲ್ಲಿ ಕರಗಿ ಡಬ್ಬ ಸೋರಿ ಕೆಳಗಿನ ಸೀರೆಗೆ ಕಲೆ ಮಾಡುತ್ತದೆ. ತೂತು ತೂತಾಗಿರುವ ಗಟ್ಟಿ ಪಾಕ್ ಆರಿಸಿ, ಬಟ್ಟೆಯಿಂದ ದೂರ ಬೇರೆ ಚೀಲದಲ್ಲಿ ಇಡಿ. ಸಕ್ಕರೆ ಕಾಯಿಲೆಯವರಿಗೆ ಅಂತ ಬಾದಾಮಿ, ಒಣದ್ರಾಕ್ಷಿಯ ಪೊಟ್ಟಣ ಬೇರೆ ಇರಲಿ.

ನಂಜನಗೂಡು ರಸಬಾಳೆ ಸಿಕ್ಕರೆ ಬಿಡಬೇಡಿ. ಆದರೆ ಪೂರ್ತಿ ಹಣ್ಣಾದದ್ದು ಬೇಗ ನಜ್ಜಾಗುತ್ತದೆ, ಸ್ವಲ್ಪ ಗಟ್ಟಿ ಇರುವ ಚಿಪ್ಪೇ ಬೇಕು. ಸಿಪ್ಪೆ ಕಪ್ಪಾಗುತ್ತಾ ಬಂದಾಗಲೇ ಇದರ ರುಚಿ ಅಂತ ಅತ್ತೆಗೆ ಒಂದು ಮಾತು ಹೇಳಿ, ಇಲ್ಲವಾದರೆ ಕೊಳೆಯಿತು ಅಂತ ಎಸೆದುಬಿಡಬಹುದು. ಮೈಸೂರು ಮಲ್ಲಿಗೆ, ವೀಳ್ಯದೆಲೆ ಎರಡನ್ನೂ ಬಾಳೆ ಎಲೆಯಲ್ಲಿ ಸುತ್ತಿ, ಮೇಲೊಂದು ಒದ್ದೆ ಬಟ್ಟೆ ಸುತ್ತಿ. ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಮಲ್ಲಿಗೆ ಬೆವೆತು ಬೆಳಗಾಗುವಷ್ಟರಲ್ಲಿ ಕಂದಿರುತ್ತದೆ.

ಕೊಡುವ ಹೊತ್ತು

ಹೋದ ತಕ್ಷಣ ಬಾಗಿಲಲ್ಲೇ ಚೀಲ ಬಿಚ್ಚಬೇಡಿ. ಹಣ್ಣು, ತಿಂಡಿಯ ಡಬ್ಬ ಮಾತ್ರ ಅತ್ತೆಯ ಕೈಗೆ ಕೊಟ್ಟು ಕೂತುಕೊಳ್ಳಿ. ಕಾಫಿ ಆದ ಮೇಲೆ ಅವರ ಮನೆಯ ತಟ್ಟೆ ಕೇಳಿ, ಅದರಲ್ಲಿ ಬಟ್ಟೆ, ಅದರ ಮೇಲೆ ಜೋಡಿ ಎಲೆ, ಎರಡು ಅಡಿಕೆ, ಜುಟ್ಟು ಬಿಟ್ಟ ತೆಂಗಿನಕಾಯಿ, ಜೋಡಿ ಬಾಳೆಹಣ್ಣು, ಹೂವು ಇಟ್ಟು ಕೊಡಿ. ಮೊದಲು ಅಜ್ಜಿ, ಆಮೇಲೆ ಅತ್ತೆ ಮಾವ, ಕೊನೆಗೆ ಚಿಕ್ಕವರು. ಕೊಟ್ಟು ನಮಸ್ಕಾರ ಮಾಡಿ.

ಆ ಕಡೆ ಹೆಣ್ಣುಮಗಳಿಗೆ ಉಡಿ ತುಂಬಿಯೇ ಕಳಿಸುವುದು. ಖಣ, ಅಕ್ಕಿ, ಕಾಯಿ, ಅಡಿಕೆ, ಹಣ್ಣು ಎಲ್ಲ ಸೆರಗಿಗೆ ಹಾಕುತ್ತಾರೆ. ಅದಕ್ಕೇ ಹುಡುಗಿ ಅವತ್ತು ಸೀರೆ ಉಟ್ಟಿರುವುದು ಒಳ್ಳೆಯದು, ಜಾರುವ ಸೆರಗು ಬೇಡ. ಉಡಿಯ ಅಕ್ಕಿಯನ್ನು ಮರೆತು ಬಿಟ್ಟು ಬರಬೇಡಿ. ಮನೆಗೆ ತಂದು ಅಡುಗೆ ಮಾಡಬೇಕು.

'ಇದೆಲ್ಲ ಯಾಕ ತಂದ್ರಿ?' ಅನ್ನುವುದು ಉಪಚಾರದ ಮಾತು, ಅದಕ್ಕೆ ಗಾಬರಿ ಬೇಡ. ಆದರೆ ನೀವು ಕೊಟ್ಟದ್ದನ್ನು ನೋಡಿ ಮನೆಯವರು ಒಳಗೆ ಪಿಸುಗುಟ್ಟಿ, ಯಾರನ್ನೋ ಅಂಗಡಿಗೆ ಓಡಿಸಿದರೆ, ಒಯ್ದದ್ದು ಜಾಸ್ತಿ ಆಯಿತು ಅಂತಲೇ ಅರ್ಥ. ಮುಂದಿನ ಸಲ ಕೈ ಹಿಡಿತದಲ್ಲಿರಲಿ.

ಚಿನ್ನ, ನಗದು ಬೇಡ

ಈ ಭೇಟಿಯಲ್ಲಿ ಹುಡುಗನಿಗೆ ಸರ, ಉಂಗುರ, ದುಡ್ಡಿನ ಕವರು ಕೊಡಬೇಡಿ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಮದುವೆಯ ದಿನಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಮದುವೆಗೆ ಸಂಬಂಧಿಸಿ ಮುಂಚೆ ಅಥವಾ ಆಮೇಲೆ ಕೊಟ್ಟದ್ದೂ ಅದರ ಅಡಿಗೆ ಬರುತ್ತದೆ, ಕೊಟ್ಟವರೂ ತೆಗೆದುಕೊಂಡವರೂ ತಪ್ಪಿತಸ್ಥರೇ. ಮದುವೆ ಹೊತ್ತಿನಲ್ಲಿ ಯಾರೂ ಕೇಳದೆ ಕೊಡುವ ಉಡುಗೊರೆಗೆ ಅದರಲ್ಲಿ ಅವಕಾಶ ಇದೆ, ಆದರೆ ಅದನ್ನು ಪಟ್ಟಿ ಮಾಡಿಡಬೇಕು. 'ಅಳಿಯನಿಗೆ ಒಂದು ಚೈನ್ ಹಾಕಿದ್ರೆ ಚೆನ್ನಾಗಿರ್ತಿತ್ತು' ಅಂತ ಯಾರಾದರೂ ಮಾತಿನ ನಡುವೆ ತೇಲಿಬಿಟ್ಟರೆ ಅದು ಉಡುಗೊರೆಯ ಮಾತಲ್ಲ, ಕೇಳಿಕೆ. ಅಲ್ಲೇ ಉತ್ತರ ಕೊಡಬೇಡಿ. ಮನೆಗೆ ಬಂದ ಮೇಲೆ ಹುಡುಗಿಯೇ ಹುಡುಗನ ಹತ್ತಿರ ನೇರವಾಗಿ ಮಾತಾಡಲಿ. ಅವನು ಏನು ಹೇಳುತ್ತಾನೆ ಅನ್ನುವುದು ಮದುವೆಯ ದಿನ ಗೊತ್ತು ಮಾಡುವ ಮುಂಚೆ ಎರಡೂ ಕಡೆಯ ಹಿರಿಯರಿಗೆ ತಿಳಿದಿರಬೇಕು.