ಹುಡುಗರನ್ನು ಎಣಿಸಿ, ಹುಡುಗಿಯರ ಲೆಕ್ಕ ಹಿಡಿಯುವುದು ಹೇಗೆ?

1927ರಲ್ಲಿ ವಾಲರ್ ಎಂಬ ಸಂಶೋಧಕ ನಾರ್ವೆಯ ಓಸ್ಲೋ ನಗರದ ಶಾಲಾ ಮಕ್ಕಳ ಬಣ್ಣದ ದೃಷ್ಟಿಯ ಬಗ್ಗೆ ಒಂದು ದೊಡ್ಡ ಲೆಕ್ಕ ಪ್ರಕಟಿಸಿದರು. 9,049 ಹುಡುಗರಲ್ಲಿ 725 ಮಂದಿಗೆ ಕೆಂಪು-ಹಸಿರು ಬಣ್ಣಗುರುಡು ಇತ್ತು. 9,072 ಹುಡುಗಿಯರಲ್ಲಿ ಇದ್ದದ್ದು 40 ಮಂದಿಗೆ ಮಾತ್ರ. ಎಕ್ಸ್ ಕ್ರೋಮೋಸೋಮಿನ ಮೇಲಿರುವ ಜೀನ್‌ಗಳ ಲೆಕ್ಕ ಕಲಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಕಾಗದ, ಕ್ಯಾಲ್ಕುಲೇಟರ್ ಹತ್ತಿರ ಇಟ್ಟುಕೊಳ್ಳಿ.

ಮೊದಲು ಹುಡುಗರನ್ನು ತೆಗೆದುಕೊಳ್ಳೋಣ. ಗಂಡಿಗೆ ಇರುವುದು ಒಂದೇ ಎಕ್ಸ್. ಅದರಲ್ಲಿ ದೋಷದ ಅಲೀಲ್, ಅಂದರೆ ಜೀನ್‌ನ ದೋಷವಿರುವ ರೂಪ, ಇದ್ದರೆ ಅದನ್ನು ಮರೆಮಾಡಲು ಇನ್ನೊಂದು ಎಕ್ಸ್ ಇಲ್ಲ. ಹಾಗಾಗಿ ಬಣ್ಣಗುರುಡು ಇರುವ ಹುಡುಗರನ್ನು ಎಣಿಸಿದರೆ ಆ ಅಲೀಲನ್ನೇ ಎಣಿಸಿದಂತೆ. 725ನ್ನು 9,049ರಿಂದ ಭಾಗಿಸಿ. 0.0801 ಬರುತ್ತದೆ. ಇದೇ ಅಲೀಲ್ ಪ್ರಮಾಣ, ಅಂದರೆ q. ಎರಡು ಪ್ರತಿಗಳಿರುವ ಜೀನ್‌ಗಳಲ್ಲಿ ಮಾಡುವಂತೆ ಇಲ್ಲಿ ವರ್ಗಮೂಲ ತೆಗೆಯುವ ಅಗತ್ಯವೇ ಇಲ್ಲ.

ವಿದ್ಯಾರ್ಥಿಗಳು ಜಾಸ್ತಿ ಎಡವುವುದು ಇಲ್ಲೇ. ಗಂಡು ಹೆಣ್ಣು ಎಲ್ಲರನ್ನೂ ಕೂಡಿಸಿ, 18,121 ಮಕ್ಕಳಲ್ಲಿ 765 ಎಂದು ತೆಗೆದುಕೊಂಡು ವರ್ಗಮೂಲ ಹಾಕಿಬಿಡುತ್ತಾರೆ. ಆಗ ಉತ್ತರ 0.205 ಬರುತ್ತದೆ. ಹಾಗಿದ್ದರೆ ನೂರು ಹುಡುಗರಲ್ಲಿ ಇಪ್ಪತ್ತು ಮಂದಿಗೆ ತೊಂದರೆ ಇರಬೇಕಿತ್ತು, ಅಲ್ವಾ? ಇದ್ದದ್ದು ಎಂಟೇ. ನಿಮಗೆ ಬಂದ q ಹುಡುಗರ ಪ್ರಮಾಣಕ್ಕೆ ಹೊಂದುತ್ತಿಲ್ಲವೆಂದರೆ ದಾರಿ ತಪ್ಪಿದೆ ಎಂದೇ ಅರ್ಥ.

ಈಗ ಹುಡುಗಿಯರು. ಅವರಿಗೆ ಎರಡು ಎಕ್ಸ್. ಬಣ್ಣಗುರುಡು ಕಾಣಿಸಬೇಕಾದರೆ ತಂದೆಯಿಂದಲೂ ತಾಯಿಯಿಂದಲೂ ಅದೇ ಅಲೀಲ್ ಬರಬೇಕು. ಅದರ ಸಾಧ್ಯತೆ q × q. 0.0801ರ ವರ್ಗ ಸುಮಾರು 0.0064. ಇದನ್ನು 9,072ರಿಂದ ಗುಣಿಸಿದರೆ 58 ಹುಡುಗಿಯರು. ಆದರೆ ಸಿಕ್ಕವರು 40.

ಹದಿನೆಂಟು ಮಂದಿ ಕಡಿಮೆ. ಇದು ಸುಮ್ನೆ ಆಕಸ್ಮಿಕವೇ? ಒಂದು ಸುಲಭದ ಅಂದಾಜಿದೆ. ಇಂಥ ಅಪರೂಪದ ಎಣಿಕೆಯಲ್ಲಿ ಸಹಜ ಏರಿಳಿತ, ನಿರೀಕ್ಷಿತ ಸಂಖ್ಯೆಯ ವರ್ಗಮೂಲದಷ್ಟಿರುತ್ತದೆ. 58ರ ವರ್ಗಮೂಲ ಏಳೂವರೆ ಚಿಲ್ಲರೆ. ಕೊರತೆ ಅದರ ಎರಡು ಪಟ್ಟಿಗಿಂತ ಹೆಚ್ಚಿದೆ. ಆದ್ದರಿಂದ ಕಾರಣ ಹುಡುಕಲೇಬೇಕು.

ಕಾರಣ ಕಣ್ಣಿನೊಳಗಿದೆ. ಕೆಂಪು-ಹಸಿರು ಬಣ್ಣಗುರುಡು ಒಂದೇ ದೋಷವಲ್ಲ, ಎರಡು. ಕೆಂಪು ಕಡೆಯ ಬೆಳಕನ್ನು ಹಿಡಿಯುವ ಕೋನ್ ಕೋಶದ ದೋಷಕ್ಕೆ ಪ್ರೋಟಾನ್ ಎನ್ನುತ್ತಾರೆ, ಹಸಿರು ಕಡೆಯದಕ್ಕೆ ಡ್ಯೂಟಾನ್. ಎರಡರ ಜೀನ್‌ಗಳೂ ಎಕ್ಸ್ ಮೇಲೇ ಅಕ್ಕಪಕ್ಕದಲ್ಲಿವೆ. ಒಬ್ಬ ಹುಡುಗಿಯ ಒಂದು ಎಕ್ಸ್‌ನಲ್ಲಿ ಪ್ರೋಟಾನ್, ಇನ್ನೊಂದರಲ್ಲಿ ಡ್ಯೂಟಾನ್ ಇದ್ದರೆ ಏನಾಗುತ್ತದೆ? ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತದೆ. ಅವಳಿಗೆ ಬಣ್ಣಗಳು ಸರಿಯಾಗಿಯೇ ಕಾಣುತ್ತವೆ. ಇಂಥವರನ್ನೂ ನಾವು ಬಣ್ಣಗುರುಡರ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೆವು.

ವಾಲರ್ ಎರಡನ್ನೂ ಬೇರೆ ಬೇರೆ ಬರೆದಿಟ್ಟಿದ್ದರು. ಆ ಎಚ್ಚರಕ್ಕೆ ನಾವು ಋಣಿಗಳು. ಹುಡುಗರಲ್ಲಿ ಪ್ರೋಟಾನ್ 174, ಡ್ಯೂಟಾನ್ 551. ಭಾಗಿಸಿದರೆ 0.0192 ಮತ್ತು 0.0609. ಈಗ ಒಂದೊಂದನ್ನೂ ಪ್ರತ್ಯೇಕವಾಗಿ ವರ್ಗ ಮಾಡಿ, 9,072ರಿಂದ ಗುಣಿಸಿ. ಪ್ರೋಟಾನ್ ಹುಡುಗಿಯರು ಸುಮಾರು 3, ಡ್ಯೂಟಾನ್ ಹುಡುಗಿಯರು ಸುಮಾರು 34. ಪರೀಕ್ಷೆಯಲ್ಲಿ ಸಿಕ್ಕವರು 3 ಮತ್ತು 37. ಇಷ್ಟು ಹತ್ತಿರ ಬರುವುದನ್ನು ನೋಡಿದಾಗ ನನಗೆ ಪ್ರತಿ ಸಲವೂ ಖುಷಿಯಾಗುತ್ತದೆ.

ಎರಡೂ ಅಲೀಲ್ ಒಂದೊಂದು ಇರುವ ಹುಡುಗಿಯರನ್ನೂ ಲೆಕ್ಕ ಹಾಕಬಹುದು. ಎರಡು ಪ್ರಮಾಣಗಳನ್ನು ಗುಣಿಸಿ, ಎರಡರಿಂದ ಗುಣಿಸಿ. ಯಾವುದು ತಂದೆಯಿಂದ, ಯಾವುದು ತಾಯಿಯಿಂದ ಎಂಬುದಕ್ಕೆ ಎರಡು ದಾರಿ ಇರುವುದರಿಂದ ಆ ಎರಡು. ಸುಮಾರು 21 ಬರುತ್ತದೆ. ಮೂರು, ಮೂವತ್ನಾಲ್ಕು, ಇಪ್ಪತ್ತೊಂದು ಕೂಡಿಸಿದರೆ ಮೊದಲಿನ 58 ವಾಪಸ್ ಸಿಗುತ್ತದೆ.

ಈ ದಾರಿಗೆ ಒಂದು ಷರತ್ತಿದೆ. ಗಂಡು ಹೆಣ್ಣು ಇಬ್ಬರಲ್ಲೂ ಅಲೀಲ್ ಪ್ರಮಾಣ ಒಂದೇ ಇರಬೇಕು. ಬೇರೆ ಬೇರೆ ಮೂಲದ ಜನ ಹೊಸದಾಗಿ ಬೆರೆತಲ್ಲಿ ಹಾಗಿರುವುದಿಲ್ಲ. ಮಗ ತನ್ನ ಎಕ್ಸ್ ಪಡೆಯುವುದು ತಾಯಿಯಿಂದ ಮಾತ್ರ, ಮಗಳು ಇಬ್ಬರಿಂದಲೂ. ಹಾಗಾಗಿ ಗಂಡು ಹೆಣ್ಣಿನ ನಡುವಿನ ಅಂತರ ಪ್ರತಿ ತಲೆಮಾರಿಗೆ ಅರ್ಧಕ್ಕೆ ಇಳಿಯುತ್ತದೆ, ದಿಕ್ಕೂ ತಿರುಗುತ್ತದೆ. ಕೆಲವು ತಲೆಮಾರು ಕಳೆದ ಮೇಲೆ ಲೆಕ್ಕ ಕೂತುಕೊಳ್ಳುತ್ತದೆ.

ಕೊನೆಯ ಹೆಜ್ಜೆ ವಾಹಕಿಯರದು, ಅಂದರೆ ಒಂದು ಎಕ್ಸ್‌ನಲ್ಲಿ ಮಾತ್ರ ದೋಷದ ಅಲೀಲ್ ಇರುವ ಹೆಣ್ಣುಮಕ್ಕಳದು. ಸೂತ್ರ 2q(1 − q). ಡ್ಯೂಟಾನ್‌ಗೆ ಇದು 0.114. ಓಸ್ಲೋದ ಆ ಹುಡುಗಿಯರಲ್ಲಿ ಸುಮಾರು 1,040 ಮಂದಿ ಡ್ಯೂಟಾನ್ ಅಲೀಲನ್ನು ಗೊತ್ತಿಲ್ಲದೆಯೇ ಹೊತ್ತಿದ್ದರು. ಪರೀಕ್ಷೆಯ ಪಟ್ಟಿಯಲ್ಲಿ ಅವರೆಲ್ಲ ಸರಿ ಕಾಣುವವರ ಸಾಲಿನಲ್ಲೇ ಇದ್ದರು.