ರೀಸೆಟ್ ಆದ ಫೋನ್ ಹಳೇ ಮಾಲೀಕರ ಅಕೌಂಟ್ ಕೇಳಿದಾಗ ಬಿಲ್ ಹೇಗೆ ಕೈ ಹಿಡಿಯಿತು: ನನ್ನ ಅನುಭವ

ನಾನು ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಸೆಕೆಂಡ್ ಹ್ಯಾಂಡ್ ಫೋನ್ ತಗೊಂಡವರು ಜಾಸ್ತಿ ತರೋ ದೂರು ಇದೇ. ಅದರಲ್ಲಿ ಒಂದು ಐಫೋನ್ 11ರ ವಿಷಯ ಹೇಳುತ್ತೇನೆ.

ಕಾಲೇಜಿನ ಹುಡುಗಿಯೊಬ್ಬಳು ತನ್ನ ಪಿಜಿಯಲ್ಲಿದ್ದ ಗೆಳತಿಯಿಂದ ಫೋನ್ ಕೊಂಡಿದ್ದಳು. ಗೆಳತಿಗೆ ಪಾಸ್‌ಕೋಡ್ ಮರೆತಿತ್ತು, ಯಾರೋ ಕಂಪ್ಯೂಟರ್‌ಗೆ ಹಾಕಿ ರೀಸೆಟ್ ಮಾಡಿಕೊಟ್ಟಿದ್ದರು. ಆನ್ ಮಾಡಿದರೆ iPhone Locked to Owner ಅಂತ ಬರುತ್ತಿತ್ತು. "ಅಣ್ಣಾ, ಸಾಫ್ಟ್‌ವೇರ್ ಹಾಕಿದ್ರೆ ಹೋಗುತ್ತಲ್ವಾ?" ಅಂತ ಕೇಳಿದಳು. ಹೋಗಲ್ಲ. ಸೆಟ್ಟಿಂಗ್ಸ್ ಒಳಗಿಂದ ಅಳಿಸಿದರೆ ಫೋನ್ ಮೊದಲು ಅಕೌಂಟಿನ ಪಾಸ್‌ವರ್ಡ್ ಕೇಳಿ ಲಾಕ್ ತೆಗೆಯುತ್ತೆ. ಕಂಪ್ಯೂಟರ್‌ನಿಂದ ಅಳಿಸಿದರೆ ಒಳಗಿನ ಡೇಟಾ ಮಾತ್ರ ಹೋಗುತ್ತೆ. ಲಾಕ್ ಇರೋದು ಆಪಲ್ ಸರ್ವರ್‌ನಲ್ಲಿ, ಆ ಫೋನಿನ ಹೆಸರಲ್ಲಿ, ಹಾಗಾಗಿ ಎಷ್ಟು ಸಲ ಸಾಫ್ಟ್‌ವೇರ್ ಹಾಕಿದರೂ ವಾಪಸ್ ಬರುತ್ತೆ.

ಇಂಥದ್ದಕ್ಕೆ ನಾನು ಮೊದಲು ಹಳೇ ಮಾಲೀಕರನ್ನೇ ಹುಡುಕುತ್ತೇನೆ. ಅವರು ಎಲ್ಲೇ ಇರಲಿ, iCloud.com/find ತೆರೆದು ಆ ಫೋನನ್ನು ತಮ್ಮ ಅಕೌಂಟಿನಿಂದ ತೆಗೆದರೆ ಸಾಕು. ಪಾಸ್‌ವರ್ಡನ್ನಾಗಲಿ ಓಟಿಪಿಯನ್ನಾಗಲಿ ನಮಗೆ ಹೇಳಬೇಕಾಗಿಲ್ಲ, ನಾನು ಕೇಳೋದೂ ಇಲ್ಲ.

ಆದರೆ ಇಲ್ಲಿ ಸ್ಕ್ರೀನ್ ಮೇಲೆ ಅರ್ಧ ಮುಚ್ಚಿ ತೋರಿಸುತ್ತಿದ್ದ ಇಮೇಲ್‌ನ ಮೊದಲ ಅಕ್ಷರ ಗೆಳತಿಯದ್ದಾಗಿರಲಿಲ್ಲ. ವಿಚಾರಿಸಿದರೆ ಫೋನ್ ಮೊದಲು ಅವಳ ಚಿಕ್ಕಮ್ಮನದು. ಚಿಕ್ಕಮ್ಮನಿಗೆ ಪಾಸ್‌ವರ್ಡ್ ನೆನಪಿಲ್ಲ, ಅಕೌಂಟಿಗೆ ಕೊಟ್ಟಿದ್ದ ನಂಬರ್ ಬಂದ್ ಆಗಿದೆ. ಮಾಲೀಕರು ಸಿಕ್ಕಿದರೂ ದಾರಿ ಸಿಗಲಿಲ್ಲ. ಬಿಲ್ ಕೆಲಸಕ್ಕೆ ಬರೋದು ಇಂಥ ಕಡೆಯೇ.

"ಮೇಡಂ, ಬಿಲ್ ಇದೆಯಾ?" ಅಂತ ಚಿಕ್ಕಮ್ಮನನ್ನು ಫೋನಲ್ಲಿ ಕೇಳಿದೆ. ಅಂಗಡಿಯವರು ಕಳಿಸಿದ್ದ ಜಿಎಸ್‌ಟಿ ಬಿಲ್ ಅವರ ಮೇಲ್‌ನಲ್ಲೇ ಇತ್ತು. ಅದರಲ್ಲಿ ನಾನು ಮೊದಲು ನೋಡಿದ್ದು ಐಎಂಇಐ ನಂಬರನ್ನ, ಅಂದರೆ ಆ ಫೋನಿನ ಗುರುತಿನ ನಂಬರನ್ನ. ಲಾಕ್ ಆದ ಐಫೋನ್‌ನಲ್ಲೂ ಅದು ಸಿಗುತ್ತೆ. ಹಲೋ ಅಂತ ಬರೋ ಸ್ಕ್ರೀನ್‌ನ ಕೆಳಮೂಲೆಯ i ಗುರುತು ಒತ್ತಿದರೆ ಬರುತ್ತೆ, ಐಫೋನ್ 11ರಲ್ಲಿ ಸಿಮ್ ಟ್ರೇ ಮೇಲೂ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತೆ. ಹದಿನೈದು ಅಂಕಿಯನ್ನೂ ಬಿಲ್ ಜೊತೆ ಒಂದೊಂದಾಗಿ ತಾಳೆ ಹಾಕಿದೆ, ಸರಿಯಾಗಿತ್ತು. ಈ ಫೋನಿಗೆ ಎರಡು ಐಎಂಇಐ ಇರುತ್ತೆ, ಬಿಲ್‌ನಲ್ಲಿ ಒಂದೇ ಇದ್ದರೆ ಗಾಬರಿ ಬೇಡ. ಆದರೆ ವಾರಂಟಿಯಲ್ಲಿ ಫೋನೇ ಬದಲಾಗಿದ್ದರೆ ನಂಬರೂ ಬದಲಾಗಿರುತ್ತೆ, ಆಗ ಬರೀ ಹಳೇ ಬಿಲ್ ತಾಳೆಯಾಗಲ್ಲ, ಸರ್ವಿಸ್ ಸೆಂಟರ್ ಕೊಟ್ಟ ಕಾಗದವನ್ನೂ ಹುಡುಕಬೇಕು.

ಲಾಕ್ ತೆಗೆಯಿರಿ ಅಂತ ಆಪಲ್‌ಗೆ ಹಾಕೋ ಅರ್ಜಿಯನ್ನು ಚಿಕ್ಕಮ್ಮನ ಕೈಯಲ್ಲೇ ಹಾಕಿಸಿದೆ, ಬಿಲ್ ಅವರ ಹೆಸರಲ್ಲಿತ್ತಲ್ಲ. al-support.apple.com ನಲ್ಲಿ ಇಮೇಲ್, ಫೋನಿನ ಐಎಂಇಐ ನಂಬರ್ ಕೊಟ್ಟು ಬಿಲ್ ಸೇರಿಸಬೇಕು. ಫೋನ್ ಲಾಸ್ಟ್ ಮೋಡ್‌ನಲ್ಲಿ, ಅಂದರೆ ಕಳೆದುಹೋಗಿದೆ ಅಂತ ಮಾಲೀಕರು ಗುರುತು ಹಾಕಿದ ಸ್ಥಿತಿಯಲ್ಲಿ ಇರಬಾರದು, ಕಂಪನಿಯೋ ಶಾಲೆಯೋ ನಿಭಾಯಿಸೋ ಫೋನ್ ಆಗಿರಬಾರದು. ಒಳಗಿರೋ ಡೇಟಾ ಎಲ್ಲ ಅಳಿಸಿಹೋಗುತ್ತೆ ಅನ್ನೋದಕ್ಕೂ ಒಪ್ಪಬೇಕು. ಬಿಲ್‌ನ ಒಂದು ಮೂಲೆಯನ್ನು ಕತ್ತರಿಸಿ ಕಳಿಸಬೇಡಿ, ಅಂಗಡಿ ಹೆಸರು, ತಾರೀಕು, ಐಎಂಇಐ ಮೂರೂ ಓದೋ ಹಾಗೆ ಪೂರ್ತಿ ಪುಟ ಇರಲಿ. ಒಪ್ಪಿಗೆಯ ಮೇಲ್ ಬಂದಮೇಲೆ ಫೋನನ್ನು ವೈಫೈಗೆ ಸೇರಿಸಿ ಮತ್ತೆ ಸೆಟಪ್ ಮಾಡಿದೆ, ಈ ಸಲ ಅಕೌಂಟ್ ಕೇಳದೆ ಮುಂದೆ ಹೋಯಿತು.

ಕೊಂಡ ಹುಡುಗಿಯ ಹತ್ತಿರ ಇದ್ದದ್ದು ಗೆಳತಿ ಬರೆದುಕೊಟ್ಟ ಚೀಟಿ, ದುಡ್ಡು ಕಳಿಸಿದ ಯುಪಿಐ ಸ್ಕ್ರೀನ್‌ಶಾಟ್. ಇವು ಕೊಟ್ಟವರಿಗೂ ಕೊಂಡವರಿಗೂ ನಡುವಿನ ಸಾಕ್ಷಿ, ನಾಳೆ ಜಗಳ ಆದರೆ ಬೇಕಾಗುತ್ತೆ. ಆದರೆ ಲಾಕ್ ತೆಗೆಸೋಕೆ ಮೊದಲ ಸಲ ಹೊಸದಾಗಿ ಕೊಂಡಾಗಿನ ಬಿಲ್ಲೇ ಬೇಕು. ಸೆಕೆಂಡ್ ಹ್ಯಾಂಡ್ ಅಂಗಡಿಯ ಕೈಬರಹದ ರಸೀದಿ ನಂಬಿಕೊಂಡು ಅರ್ಜಿ ಹಾಕಿದರೆ ಸುಮ್ನೆ ಕಾಯೋದಷ್ಟೇ.

ಆಂಡ್ರಾಯ್ಡ್‌ನಲ್ಲಿ ದಾರಿ ಬೇರೆ. ಅಲ್ಲಿ ಹಳೇ ಗೂಗಲ್ ಅಕೌಂಟ್ ಬದಲು ಹಳೇ ಸ್ಕ್ರೀನ್ ಲಾಕ್ ಹಾಕೋಕೂ ಎಷ್ಟೋ ಫೋನ್‌ಗಳು ಬಿಡುತ್ತವೆ, ಮಾಲೀಕರಿಗೆ ಪ್ಯಾಟರ್ನ್ ನೆನಪಿದೆಯಾ ಅಂತ ಮೊದಲು ಕೇಳಿ. ಅವರು ಗೂಗಲ್ ಅಕೌಂಟಿನ ಪಾಸ್‌ವರ್ಡನ್ನು ಈಗಷ್ಟೇ ಬದಲಿಸಿದ್ದರೆ 24 ಗಂಟೆ ಬಿಟ್ಟು ಪ್ರಯತ್ನಿಸಿ. ಏನೂ ಆಗದಿದ್ದರೆ ಮೂಲ ಬಿಲ್, ಗುರುತಿನ ಚೀಟಿ ಹಿಡಿದು ಆ ಬ್ರ್ಯಾಂಡಿನ ಸರ್ವಿಸ್ ಸೆಂಟರ್‌ಗೆ ಹೋಗಬೇಕು.

ಬಿಲ್ ಇಲ್ಲದ, ಮಾಲೀಕರೂ ಸಿಗದ ಫೋನನ್ನು ನಾನು ಮುಟ್ಟಲ್ಲ. ಕೊಳ್ಳೋ ಮೊದಲೇ KYM ಅಂತ ಟೈಪ್ ಮಾಡಿ, ಜಾಗ ಬಿಟ್ಟು ಐಎಂಇಐ ಹಾಕಿ 14422ಕ್ಕೆ ಮೆಸೇಜ್ ಕಳಿಸಿ. ಬ್ಲಾಕ್ ಆಗಿದೆ ಅಂತ ಉತ್ತರ ಬಂದರೆ ಎಷ್ಟೇ ಕಮ್ಮಿ ರೇಟ್ ಹೇಳಿದರೂ ಫೋನನ್ನು ಅವರ ಕೈಗೇ ವಾಪಸ್ ಕೊಡಿ.