ಮೇಷ ವೃಷಭವಾದದ್ದು ಹೇಗೆ: ಮಿಡ್‌ಹೆವನ್ ಲೆಕ್ಕದ ನನ್ನ ಅನುಭವ

ಪಾಶ್ಚಾತ್ಯ ಪದ್ಧತಿಯಲ್ಲಿ ಜಾತಕ ನೋಡಲು ಕಲಿತ ಮೊದಲ ವರ್ಷಗಳಲ್ಲಿ ನಾನು ಎಲ್ಲವನ್ನೂ ಕೈಲೆಕ್ಕದಲ್ಲೇ ಮಾಡುತ್ತಿದ್ದೆ. ಸಾಫ್ಟ್‌ವೇರ್ ಇತ್ತು. ಆದರೂ ಚಕ್ರದ ನೆತ್ತಿಯಲ್ಲಿ ಬರುವ ಆ ಬಿಂದು ಎಲ್ಲಿಂದ ಬಂತು ಎಂದು ಗೊತ್ತಿಲ್ಲದೆ ಅದರ ಫಲ ಹೇಳೋದು ನನಗೆ ಸರಿ ಕಾಣುತ್ತಿರಲಿಲ್ಲ. ಆಗ ನನ್ನ ಗೆಳತಿಯೊಬ್ಬಳ ಜಾತಕದಲ್ಲಿ ನಾನು ತಪ್ಪು ಮಾಡಿದೆ. ಮಿಡ್‌ಹೆವನ್ ಬಗ್ಗೆ ನನಗೆ ಇವತ್ತು ಗೊತ್ತಿರೋದರಲ್ಲಿ ಹೆಚ್ಚಿನದು ಆ ತಪ್ಪಿನಿಂದಲೇ ಬಂದದ್ದು.

ಮೊದಲು ಅದು ಏನು ಅಂತ ನೋಡೋಣ. ಸೂರ್ಯ ವರ್ಷವಿಡೀ ನಕ್ಷತ್ರಗಳ ನಡುವೆ ಸಾಗುವ ದಾರಿಯೇ ಕ್ರಾಂತಿವೃತ್ತ. ಉತ್ತರದಿಂದ ದಕ್ಷಿಣಕ್ಕೆ ನಮ್ಮ ನೆತ್ತಿಯ ಮೇಲೆ ಹಾದುಹೋಗುವ ಗೆರೆ ಮಧ್ಯಾಹ್ನರೇಖೆ. ದಿಗಂತದ ಮೇಲೆ ಇವೆರಡೂ ಕೂಡುವ ಜಾಗ ಮಿಡ್‌ಹೆವನ್. ಚಕ್ರದಲ್ಲಿ ಅದನ್ನು MC ಎಂದು ಬರೆಯುತ್ತಾರೆ. ಸೂರ್ಯ ಆ ಊರಿನ ನಿಜವಾದ ನಡುಮಧ್ಯಾಹ್ನದಲ್ಲಿ ಸರಿಯಾಗಿ ಈ ಬಿಂದುವಿನ ಮೇಲಿರುತ್ತಾನೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಗೆಳತಿ ಹುಟ್ಟಿದ್ದು 1985ರ ಮೇ 15, ಬೆಳಿಗ್ಗೆ 11:20ಕ್ಕೆ. ಊರು ಪೂರ್ವ ರೇಖಾಂಶ 10°, ಉತ್ತರ ಅಕ್ಷಾಂಶ 48°ಯಲ್ಲಿದೆ. ಅಲ್ಲಿನ ಗಡಿಯಾರ ಗ್ರೀನ್‌ವಿಚ್‌ಗಿಂತ ಒಂದು ಗಂಟೆ ಮುಂದೆ. ನಾನು 11:20ರಿಂದ ಒಂದು ಗಂಟೆ ಕಳೆದೆ, 10:20 ಬಂತು. ಅದರಿಂದ ಲೆಕ್ಕ ಮುಗಿಸಿ, ಮಿಡ್‌ಹೆವನ್ ವೃಷಭದ ಹತ್ತೂವರೆ ಡಿಗ್ರಿ ಎಂದು ಬರೆದುಕೊಂಡೆ. ಲಗ್ನ ಸಿಂಹ.

ವೃಷಭದ ಅಧಿಪತಿ ಶುಕ್ರ. ಹಾಗಾಗಿ ಅವಳಿಗೆ ಹೇಳಿದೆ: ನಿನ್ನ ಕಸುಬಿನಲ್ಲಿ ಚಂದ ಮಾಡುವ ಕೆಲಸ ಇರಬೇಕು, ಕೈಯಲ್ಲಿ ಮುಟ್ಟಿ ನೋಡುವಂಥ ವಸ್ತು ಇರಬೇಕು. ಅವಳು ಹಳೇ ಮರದ ಪೀಠೋಪಕರಣ ಬಿಚ್ಚಿ, ರಿಪೇರಿ ಮಾಡಿ, ಮತ್ತೆ ಹೊಳಪು ಕೊಡುವವಳು. "ಹೌದು ಕಣೇ, ಇದು ನಾನೇ" ಅಂದಳು. ನನಗೆ ತುಂಬಾ ಖುಷಿಯಾಯಿತು.

ಕೆಲವು ತಿಂಗಳ ಮೇಲೆ ಅದೇ ಜಾತಕವನ್ನು ಸಾಫ್ಟ್‌ವೇರ್‌ನಲ್ಲಿ ಹಾಕಿದೆ. ಲಗ್ನ ಸಿಂಹವೇ ಬಂತು. ಸರಿ ಇದೆ ಅಂದುಕೊಂಡು ಮುಚ್ಚುವವಳಿದ್ದೆ. ಅಷ್ಟರಲ್ಲಿ ನೆತ್ತಿಯ ಬಿಂದು ಕಣ್ಣಿಗೆ ಬಿತ್ತು. ಮೇಷದ 24 ಡಿಗ್ರಿ 53 ನಿಮಿಷ. ನನ್ನದಕ್ಕೂ ಅದಕ್ಕೂ ಹದಿನೈದೂವರೆ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ.

ಆ ಅಂಕಿಯೇ ಕಾರಣ ಹೇಳಿಬಿಟ್ಟಿತು. ಆಕಾಶ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಅಂದರೆ ಸುಮಾರು ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ. ಮಿಡ್‌ಹೆವನ್ 15ರ ಆಸುಪಾಸು ತಪ್ಪಿದ್ದರೆ ಸಮಯ ಒಂದು ಗಂಟೆ ತಪ್ಪಿದೆ ಅಂತಲೇ ಅರ್ಥ. ಆ ಊರಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನು ಇನ್ನೂ ಒಂದು ಗಂಟೆ ಮುಂದಿಡುತ್ತಿದ್ದರು. ನಾನು ಕಳೆಯಬೇಕಿದ್ದದ್ದು ಎರಡು ಗಂಟೆ.

ಸರಿಯಾದ ಲೆಕ್ಕ ಹೀಗೆ. 11:20ರಿಂದ ಎರಡು ಗಂಟೆ ಕಳೆದರೆ ಗ್ರೀನ್‌ವಿಚ್ ಸಮಯ 9:20. ಆ ದಿನ ಗ್ರೀನ್‌ವಿಚ್‌ನಲ್ಲಿ ಮಧ್ಯರಾತ್ರಿಯ ನಾಕ್ಷತ್ರಿಕ ಕಾಲ 15 ಗಂಟೆ 30 ನಿಮಿಷ 40 ಸೆಕೆಂಡ್. ಇದು ಎಫೆಮೆರಿಸ್, ಅಂದರೆ ದಿನದಿನದ ಗ್ರಹಸ್ಥಾನಗಳ ಪಟ್ಟಿ, ಅದರ ಮೊದಲ ಕಾಲಂನಲ್ಲೇ ಸಿಗುತ್ತದೆ. ಇದಕ್ಕೆ 9:20 ಕೂಡಿಸಬೇಕು. ನಕ್ಷತ್ರಗಳ ಗಡಿಯಾರ ನಮ್ಮದಕ್ಕಿಂತ ಗಂಟೆಗೆ ಸುಮಾರು 10 ಸೆಕೆಂಡ್ ಬೇಗ ಓಡುವುದರಿಂದ 1 ನಿಮಿಷ 32 ಸೆಕೆಂಡ್ ಸೇರಿಸಬೇಕು. ಊರು 10° ಪೂರ್ವಕ್ಕಿರುವುದರಿಂದ ಡಿಗ್ರಿಗೆ ನಾಲ್ಕು ನಿಮಿಷದಂತೆ ಇನ್ನೂ 40 ನಿಮಿಷ. ಒಟ್ಟು 25 ಗಂಟೆ ದಾಟುತ್ತದೆ. 24 ಕಳೆದರೆ ಉಳಿಯುವುದು 1 ಗಂಟೆ 32 ನಿಮಿಷ 12 ಸೆಕೆಂಡ್. ಅದನ್ನು 15ರಿಂದ ಗುಣಿಸಿದರೆ ಡಿಗ್ರಿಯಲ್ಲಿ 23.05. ಇದಕ್ಕೆ RAMC ಎಂದು ಹೆಸರು. ಕೊನೆಯ ಹೆಜ್ಜೆ ಇದು:

```
tan(MC) = tan(RAMC) / cos(23.44°)
```

23.44 ಅಂದರೆ ಭೂಮಿಯ ಅಕ್ಷದ ಓರೆ. ಉತ್ತರ 24.88 ಡಿಗ್ರಿ, ಅಂದರೆ ಮೇಷದ 24°53'. ಒಂದು ಎಚ್ಚರಿಕೆ: RAMC 90 ದಾಟಿದರೆ ಕ್ಯಾಲ್ಕುಲೇಟರ್ ಕೊಡುವ ಉತ್ತರ ಚಕ್ರದ ಬೇರೆ ಮೂಲೆಯಲ್ಲಿ ಬರಬಹುದು. RAMC, MC ಎರಡೂ ಚಕ್ರದ ಒಂದೇ ಕಾಲುಭಾಗದಲ್ಲಿ ಇರಬೇಕು, ಇಲ್ಲದಿದ್ದರೆ 180 ಅಥವಾ 360 ಸೇರಿಸಬೇಕು. ಈ ಪದ್ಧತಿ ಸಾಯನ, ಅಯನಾಂಶ ಕಳೆಯುವುದಿಲ್ಲ.

ಗಮನಿಸಿದಿರಾ, ಲೆಕ್ಕದಲ್ಲಿ ಅಕ್ಷಾಂಶ ಎಲ್ಲೂ ಬರಲಿಲ್ಲ. ಮಿಡ್‌ಹೆವನ್‌ಗೆ ಸಮಯ ಮತ್ತು ರೇಖಾಂಶ ಸಾಕು. ಅಕ್ಷಾಂಶ ಬೇಕಾಗೋದು ಲಗ್ನಕ್ಕೆ. ನನ್ನ ತಪ್ಪು ಅಡಗಿ ಕೂತದ್ದೂ ಇದೇ ಕಾರಣಕ್ಕೆ, ಎರಡೂ ಒಂದೇ ವೇಗದಲ್ಲಿ ಓಡುವುದಿಲ್ಲ. ಆ ಒಂದು ಗಂಟೆಯಲ್ಲಿ ಲಗ್ನ ಸಿಂಹದ 11ರಿಂದ 22ಕ್ಕೆ ಹೋಗಿ, ಅದೇ ರಾಶಿಯಲ್ಲೇ ಉಳಿಯಿತು. ಮಿಡ್‌ಹೆವನ್ ಮಾತ್ರ ರಾಶಿ ದಾಟಿತು.

ಈಗ ನಾನು ಪ್ರತಿ ಜಾತಕದಲ್ಲೂ ಸೂರ್ಯನಿಂದ ಒಂದು ಪರೀಕ್ಷೆ ಮಾಡುತ್ತೇನೆ. ಆ ದಿನ ಆ ಊರಲ್ಲಿ ನಿಜವಾದ ಮಧ್ಯಾಹ್ನ ಗಡಿಯಾರದಲ್ಲಿ 1:16ರ ಹೊತ್ತಿಗೆ. ಅವಳು ಹುಟ್ಟಿದ್ದು ಅದಕ್ಕೆ ಸುಮಾರು ಎರಡು ಗಂಟೆ ಮುಂಚೆ. ಹಾಗಾದರೆ ಮಿಡ್‌ಹೆವನ್ ಸೂರ್ಯನಿಗಿಂತ ಸುಮಾರು 30 ಡಿಗ್ರಿ ಹಿಂದಿರಬೇಕು. ಸೂರ್ಯ ವೃಷಭದ 24ರಲ್ಲಿದ್ದ. ಮೂವತ್ತು ಹಿಂದೆ ಹೋದರೆ ಮೇಷದ 24. ಕಾಗದ ಪೆನ್ನೂ ಬೇಡ. ಅವತ್ತು ಇದು ಗೊತ್ತಿದ್ದಿದ್ದರೆ ನಾನು ತಪ್ಪುತ್ತಿರಲಿಲ್ಲ.

ಇನ್ನು ಫಲದ ಮಾತು. ಮಿಡ್‌ಹೆವನ್ ಹೇಳುವುದು ಹುದ್ದೆಯ ಹೆಸರನ್ನಲ್ಲ, ನಾಲ್ಕು ಜನರ ಎದುರು ನಾವು ಯಾವುದಕ್ಕೆ ಗುರುತಾಗುತ್ತೇವೆ ಎನ್ನುವುದನ್ನು ಎಂಬುದು ಈ ಪದ್ಧತಿಯ ನಂಬಿಕೆ. ಅದರ ರಾಶಿ ಕೆಲಸದ ರೀತಿ ಹೇಳುತ್ತದೆ. ಆ ರಾಶಿಯ ಅಧಿಪತಿ ಎಲ್ಲಿದ್ದಾನೆ ಎನ್ನುವುದು ಕೆಲಸ ಯಾವ ಕಡೆ ಹರಿಯುತ್ತದೆ ಎಂದು ಹೇಳುತ್ತದೆ. ಬಿಂದುವಿನ ನಾಲ್ಕೈದು ಡಿಗ್ರಿ ಒಳಗೆ ಗ್ರಹವಿದ್ದರೆ ನಾನು ಮೊದಲು ಅದನ್ನೇ ಓದುತ್ತೇನೆ. ಎರಡನೇ ಶತಮಾನದ ಟಾಲೆಮಿ ಕಸುಬನ್ನು ಬುಧ, ಶುಕ್ರ, ಕುಜ ಈ ಮೂವರಿಂದ ನೋಡಬೇಕು ಎಂದ. ನಾನೂ ಇವತ್ತಿಗೂ ಆ ಮೂವರನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಗೆಳತಿಗೆ ಮೇಷ ಅಂದಮೇಲೆ ಅಧಿಪತಿ ಕುಜ. ಅವನು ಇದ್ದದ್ದು ಮಿಥುನದಲ್ಲಿ. ಕುಜನಿಗೆ ಹರಿತವಾದ ಕಬ್ಬಿಣ, ಮಿಥುನಕ್ಕೆ ಕೈ, ತೋಳು. ಉಳಿ, ಗರಗಸ ಹಿಡಿದು ಕೆಲಸ ಮಾಡುವವಳಿಗೆ ಇದೂ ಹೊಂದುತ್ತದೆ ಅಲ್ವಾ? ಇಲ್ಲೇ ನಾನು ಬಹಳ ಹೊತ್ತು ನಿಂತೆ. ತಪ್ಪು ಜಾತಕವೂ ಹೊಂದಿತ್ತು, ಸರಿ ಜಾತಕವೂ ಹೊಂದುತ್ತಿದೆ. ಒಂದು ಕಾರಣ ಚಕ್ರದ ಒಳಗೇ ಇತ್ತು: ಅವತ್ತು ಶುಕ್ರ ಇದ್ದದ್ದೂ ಮೇಷದಲ್ಲಿ, ಕುಜನ ಮನೆಯಲ್ಲಿ. ವೃಷಭದಿಂದ ಹೊರಟರೂ ದಾರಿ ಕೊನೆಗೆ ಕುಜನ ಬಳಿಗೇ ಬರುತ್ತಿತ್ತು. ಇನ್ನೊಂದು ಕಾರಣ ನನ್ನೊಳಗಿತ್ತು. ಅವಳ ಕೆಲಸ ನನಗೆ ಮೊದಲೇ ಗೊತ್ತಿತ್ತು. ಗೊತ್ತಿರುವ ಕಸುಬಿಗೆ ಯಾವ ಗ್ರಹವನ್ನಾದರೂ ಹೊಂದಿಸಬಹುದು. ಜ್ಯೋತಿಷ್ಯದ ಈ ಫಲಗಳಿಗೆ ವಿಜ್ಞಾನದ ಪುರಾವೆ ಇಲ್ಲ, ಅದನ್ನೂ ನಾನು ಕೇಳಿದವರಿಗೆ ಹೇಳುತ್ತೇನೆ.

ಹಾಗಾಗಿ "ಕಸುಬು ಹೊಂದುತ್ತದೆ, ಸಮಯ ಸರಿ ಇದೆ" ಎನ್ನುವ ವಾದವನ್ನು ನಾನು ಪೂರ್ತಿ ಬಿಟ್ಟೆ. ಸಮಯವನ್ನು ದಾಖಲೆಯಿಂದಲೇ ನಿರ್ಧರಿಸಬೇಕು. ಜನನ ಪತ್ರದಲ್ಲಿ ಸಮಯವನ್ನು ಐದು ನಿಮಿಷಕ್ಕೆ ಸರಿಮಾಡಿ ಬರೆದಿರುವುದು ಮಾಮೂಲು. ಅಷ್ಟರಿಂದ ಒಂದೂಕಾಲು ಡಿಗ್ರಿ ಆಚೀಚೆ ಆಗಬಹುದು. ಗೆಳತಿಯ ಮಿಡ್‌ಹೆವನ್ ವೃಷಭಕ್ಕೆ ದಾಟಲು 19 ನಿಮಿಷ ಬೇಕಿತ್ತು, ಆದ್ದರಿಂದ ಆ ಚಿಕ್ಕ ಅನುಮಾನದಿಂದ ಮೇಷ ಅಲುಗುವುದಿಲ್ಲ. ಬಿಂದು 29ರಲ್ಲಿದ್ದಿದ್ದರೆ ನಾನು ಎರಡೂ ರಾಶಿ ಬರೆದು, ಫಲ ಹೇಳದೆ ನಿಲ್ಲಿಸುತ್ತಿದ್ದೆ.

ಅವಳಿಗೆ ಫೋನ್ ಮಾಡಿ, ಮೊದಲು ಹೇಳಿದ್ದು ತಪ್ಪು ಲೆಕ್ಕದಿಂದ ಬಂದದ್ದು ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದಳು. ಆಮೇಲೆ, "ಹಾಗಾದ್ರೆ ಎರಡನೇದನ್ನೂ ಬರೆದು ಕಳಿಸು, ಲೆಕ್ಕ ಸಮೇತ" ಅಂದಳು. ಮೇಲಿನ ಕೂಡುವ ಕಳೆಯುವ ಅಂಕಿಗಳು ಅವತ್ತು ಅವಳಿಗೆ ಬರೆದು ಕಳಿಸಿದ ಹಾಳೆಯವೇ.